ಕಪ್ಪೆ ಹಾರಿದ್ದು ಯಾವ ಋತುವಿನಲ್ಲಿ?

ಟೋಕಿಯೋದ ಕಿಯೋಸುಮಿ ಉದ್ಯಾನದಲ್ಲಿ ಬಾಶೋ ಕವಿಯ ಕಪ್ಪೆಯ ಹಾಯ್ಕುವನ್ನು ಕೆತ್ತಿದ ದೊಡ್ಡ ಬಂಡೆಯೊಂದಿದೆ. ಹಳೆಯ ಕೊಳಕ್ಕೆ ಕಪ್ಪೆ ಹಾರುತ್ತದೆ, ನೀರಿನ ಸದ್ದಾಗುತ್ತದೆ, ಅಷ್ಟೇ ಕವಿತೆ. 1686ರದ್ದು. ಇಂಥ ಶಿಲೆಯ ಫೋಟೋ ಕೈಗೆ ಬಂದರೆ ಅನುವಾದಕ್ಕೆ ಮುಂಚೆ ಓದುವುದೇ ಒಂದು ಕೆಲಸ. ಸಾಲುಗಳು ಮೇಲಿಂದ ಕೆಳಕ್ಕೆ ಇಳಿಯುತ್ತವೆ, ಬಲದಿಂದ ಎಡಕ್ಕೆ ಸಾಗುತ್ತವೆ. ಹಳೆಯ ಬರವಣಿಗೆಯಲ್ಲಿ ‘ತ’ವನ್ನು ‘ದ’ ಮಾಡುವ ಎರಡು ಚುಕ್ಕಿಗಳನ್ನು ಬಿಟ್ಟುಬಿಡುವುದೂ ಉಂಟು. ಹಾಗಾಗಿ ಚುಕ್ಕಿ ಕಾಣದಿದ್ದರೆ ಅದು ಫೋಟೋದ ದೋಷವೆಂದು ಹೇಳಲಾಗದು. ಕಪ್ಪೆಗೆ ಬಳಸುವ ಒಂದೇ ಚಿತ್ರಾಕ್ಷರವನ್ನು ‘ಕವಾಜು’ ಎಂದೂ ಓದಬಹುದು, ‘ಕಾಯೆರು’ ಎಂದೂ ಓದಬಹುದು. ಎರಡೂ ಮೂರೇ ಧ್ವನಿಗಳಾದ್ದರಿಂದ ಎಣಿಸಿ ತೀರ್ಮಾನಿಸುವಂತಿಲ್ಲ. ‘ಕವಾಜು’ ಕಾವ್ಯದ ಮಾತು ಎಂಬುದನ್ನು ತಿಳಿದೇ ಓದಬೇಕು.

ಲಯದ ವಿಷಯದಲ್ಲಿ ಕನ್ನಡಿಗರ ಅದೃಷ್ಟ ಚೆನ್ನಾಗಿದೆ. ಜಪಾನೀಯರ 5–7–5ರ ಎಣಿಕೆ ನಮ್ಮ ಮಾತ್ರೆಗೆ ತೀರಾ ಹತ್ತಿರ. ಅಲ್ಲಿಯೂ ದೀರ್ಘ ಸ್ವರಕ್ಕೆ ಎರಡು, ಒತ್ತಿ ನುಡಿಯುವ ವ್ಯಂಜನಕ್ಕೆ ಹೆಚ್ಚುವರಿ ಒಂದು. ‘ಹಳೆಯ ಕೊಳ’ ಎಂದರೆ ಐದೂ ಲಘು, ಲೆಕ್ಕ ಸರಿಹೋಯಿತು. ಆದರೆ ಮೂಲದಲ್ಲಿ ಕೊಳವನ್ನು ಹೇಳಿದ ಮೇಲೆ ಓದನ್ನು ತಡೆದು ನಿಲ್ಲಿಸುವ ಒಂದು ಅವ್ಯಯವಿದೆ. ಅದಕ್ಕೆ ಇಲ್ಲಿ ಜಾಗ ಉಳಿಯಲಿಲ್ಲ. ಅಡ್ಡಗೆರೆಯೊಂದನ್ನು ಹಾಕಿ ಮುಂದೆ ಹೋಗಬೇಕು.

ಕೊನೆಯ ಸಾಲು ಅಷ್ಟು ಸುಲಭವಲ್ಲ. ‘ನೀರ ಸದ್ದು’ ಆರು ಮಾತ್ರೆ. ‘ನೀರ ದನಿ’ ಎಂದರೆ ಐದಕ್ಕೇ ನಿಲ್ಲುತ್ತದೆ, ಕಿವಿಗೂ ಹಿತ. ಆದರೆ ಕಪ್ಪೆಯ ಬೆನ್ನಿಗೇ ‘ದನಿ’ ಬಂದರೆ ನಮಗೆ ಕೇಳುವುದು ವಟಗುಟ್ಟುವಿಕೆ. ಜಪಾನಿನ ಹಳೆಯ ಕಾವ್ಯದಲ್ಲಿ ಕಪ್ಪೆ ಹಾಡುವ ಪ್ರಾಣಿ. ಬಾಶೋ ಅದರ ಬಾಯಿ ಮುಚ್ಚಿಸಿ, ಅದು ಬಿದ್ದ ನೀರನ್ನು ಕೇಳಿಸಿದ. ಕವಿತೆಯ ಹೊಸತನವೆಲ್ಲ ಅಲ್ಲೇ ಇರುವಾಗ ಒಂದು ಮಾತ್ರೆ ಉಳಿಸಲು ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ. ನಾನಾದರೆ ‘ಸದ್ದು’ ಎಂದೇ ಇಡುತ್ತೇನೆ. ಎಣಿಕೆ ಮೀರಿದ ಸಾಲುಗಳನ್ನು ಬಾಶೋನೇ ಬರೆದಿದ್ದಾನೆ.

ಇಷ್ಟಾದರೂ ಒಂದು ಅರ್ಥ ಜಾರಿಯೇ ಹೋಗುತ್ತದೆ. ಹಾಯ್ಕುವಿನಲ್ಲಿ ಋತುವನ್ನು ಸೂಚಿಸುವ ಪದವೊಂದು ಇರಬೇಕೆಂಬುದು ರೂಢಿ. ಇಲ್ಲಿ ಕಪ್ಪೆಯೇ ಆ ಪದ, ಅದು ಸೂಚಿಸುವುದು ವಸಂತವನ್ನು. ಕನ್ನಡ ಓದುಗನಿಗೋ ಕಪ್ಪೆಯೆಂದರೆ ಮುಂಗಾರು, ತುಂಬಿದ ಗದ್ದೆ, ರಾತ್ರಿಯಿಡೀ ಗದ್ದಲ. ಕೊಳದ ಮೇಲೆ ಮಳೆ ಸುರಿಯುತ್ತಿದೆಯೆಂದೇ ಅವನು ಊಹಿಸಿಕೊಂಡರೆ ತಪ್ಪಲ್ಲ. ಮಳೆಯಲ್ಲಿ ಆ ಪುಟ್ಟ ಸದ್ದು ಕೇಳಿಸೀತು ಹೇಗೆ? ‘ವಸಂತ’ ಎಂದು ತುರುಕಿದರೆ ನಾಲ್ಕು ಮಾತ್ರೆ ಹೋಗುತ್ತದೆ, ಮೇಲಾಗಿ ಬಾಶೋ ಹೇಳದೆ ಬಿಟ್ಟದ್ದನ್ನು ನಾವು ಹೇಳಿದಂತಾಗುತ್ತದೆ. ಪದ್ಯವನ್ನು ಹಾಗೇ ಬಿಟ್ಟು, ಕೆಳಗೆ ‘ಜಪಾನಿನಲ್ಲಿ ಕಪ್ಪೆ ವಸಂತದ ಗುರುತು, ಮಳೆಯದಲ್ಲ’ ಎಂದು ಒಂದು ಸಾಲಿನ ಟಿಪ್ಪಣಿ ಕೊಡುವುದು ವಾಸಿ.