ಮದುವೆ ಟೀಸರ್: ಹೇಳುವುದೆಷ್ಟು, ಬಿಡುವುದೆಷ್ಟು?

ಮದುವೆ ಟೀಸರ್‌ನಲ್ಲಿ ಎಷ್ಟು ಹೇಳಿದರೆ ಸಾಕು?

ಊಟದೆಲೆಯ ತುದಿಗೆ ಮೊದಲು ಬೀಳುವ ಉಪ್ಪಿನಷ್ಟು.
ಉಳಿದದ್ದು ಲಗ್ನಪತ್ರಿಕೆಗೆ.

ಉದಾಹರಣೆಗೆ, ಹುಣಸೂರಿನ ಹುಡುಗ, ಎಚ್.ಡಿ. ಕೋಟೆಯ ಹುಡುಗಿ.
ಮಾತು ಹೀಗಿರಬಹುದು:

"ಹೊಗೆಸೊಪ್ಪಿನ ಹರಾಜಲ್ಲಿ ರೇಟಿಗೆ ವಾರಗಟ್ಟಲೆ ಕಾದವನು,
ಕಬಿನಿ ಸೀಮೆಯ ಹುಡುಗಿಯನ್ನ ಒಂದೇ ಮಾತಿಗೆ ಒಪ್ಪಿಬಿಟ್ಟ!
ಮೇ ತಿಂಗಳ ಮೊದಲ ಭಾನುವಾರ ಬಿಡುವು ಮಾಡ್ಕೊಳ್ಳಿ."

ಇದರಲ್ಲಿ ಇರುವುದು ಊರಿನ ಸುಳಿವು, ದಿನ, ಒಂದು ನಗು.
ಇಲ್ಲದಿರುವುದು ಮನೆ ವಿಳಾಸ, ಫೋನ್ ನಂಬರು, ಛತ್ರದ ಹೆಸರು.

ಕಾರಣವಿದೆ.
ರೀಲು ನೆಂಟರನ್ನೂ ದಾಟಿ ಓಡುತ್ತದೆ.
ವಿಳಾಸವೂ ಇದ್ದರೆ, ಮದುವೆ ದಿನ ಯಾವ ಮನೆಗೆ ಬೀಗ ಎಂಬುದು
ಕಳ್ಳನಿಗೂ ತಿಳಿದುಬಿಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಟೀಸರ್ ವೀಡಿಯೊ ಆಗಿಯೇ ಹೋಗಬೇಕು.
ಆಮಂತ್ರಣವೆಂದು ಎಪಿಕೆ ಫೈಲು ಬಂದರೆ
ಅದು ಮೋಸದ್ದು, ತೆರೆಯಬಾರದು.

ಛತ್ರ, ಮುಹೂರ್ತದ ವಿವರ
ಪತ್ರಿಕೆ ಕೈಗೆ ಕೊಡುವಾಗ ಹೇಳಿದರಾಯಿತು.