ಪಕ್ಕದ ಮನೆಗೆ ಬರೆದುಕೊಡುವ ಊಟದ ಚೀಟಿ

ವಾಂತಿ-ಭೇದಿಯಿಂದ ಚೇತರಿಸಿಕೊಳ್ಳುತ್ತಿರುವ ಮಗುವನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಕೆಲಸಕ್ಕೆ ಹೊರಡುವ ತಾಯಿ ಬರೆದಿಡುವ ಚೀಟಿಯಲ್ಲಿ ಊಟಕ್ಕಿಂತ ಮೊದಲು ನೀರಿನ ಮಾತು ಬರಬೇಕು. ಭೇದಿಯಲ್ಲಿ ನೀರಿನ ಜೊತೆ ಲವಣಗಳೂ ಹೋಗುತ್ತವೆ. ಮಗು ಸೊರಗುವುದು ಮುಖ್ಯವಾಗಿ ಇದರಿಂದಲೇ.

ಮೂರು ವರ್ಷದ ಮಗು ಎಂದಿಟ್ಟುಕೊಳ್ಳೋಣ. ವಾಂತಿ ರಾತ್ರಿಯೇ ನಿಂತಿದೆ, ಭೇದಿ ಮಾತ್ರ ಆಗೊಮ್ಮೆ ಈಗೊಮ್ಮೆ ಆಗುತ್ತಿದೆ. ತಾಯಿ ಹೀಗೆ ಬರೆಯಬಹುದು: “ಅಕ್ಕಾ, ಓಆರ್‌ಎಸ್ ಕಲಸಿಟ್ಟಿದ್ದೀನಿ. ಭೇದಿ ಆದಾಗಲೆಲ್ಲ ಅರ್ಧ ಲೋಟ ಕುಡಿಸಿ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು, ಆಮೇಲೆ ಚಮಚದಲ್ಲಿ ನಿಧಾನವಾಗಿ ಕೊಡಿ.” ಅರ್ಧ ಲೋಟ ಎಂದರೆ ಸುಮಾರು 100 ಮಿ.ಲೀ.; ಕೇಳಿದರೆ ಇನ್ನಷ್ಟು ಕೊಡಬಹುದು. ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಪೂರ್ತಿ ಹಾಕಬೇಕು. ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಅಪಾಯವಾಗಬಹುದು. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು. ಪೊಟ್ಟಣದ ಹಣ್ಣಿನ ರಸ, ಸೋಡಾ ಬೆರೆತ ತಂಪು ಪಾನೀಯ ಇದಕ್ಕೆ ಬದಲಿಯಲ್ಲ. ಅವುಗಳಲ್ಲಿರುವ ಹೆಚ್ಚಿನ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಮಗುವನ್ನು ಉಪವಾಸ ಕೆಡವುವ ರೂಢಿ ಹಲವು ಮನೆಗಳಲ್ಲಿದೆ. ಇದು ತಪ್ಪು. ಕರುಳಿನ ಒಳಪದರ ಮತ್ತೆ ಬೆಳೆಯಲು ಆಹಾರವೇ ಬೇಕು. ಗಂಜಿಯ ತಿಳಿ ಒಂದೇ ಸಾಲದು, ಅನ್ನದ ಅಗುಳೂ ಒಳಗೆ ಹೋಗಬೇಕು. ಒಂದು ಹಿಡಿ ಅಕ್ಕಿಗೆ ಅರ್ಧ ಹಿಡಿ ಹೆಸರುಬೇಳೆ ಸೇರಿಸಿ, ಬೆರಳಲ್ಲಿ ಒತ್ತಿದರೆ ನುರಿಯುವಷ್ಟು ಮೆತ್ತಗೆ ಬೇಯಿಸಿ, ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ ಹಾಕಿದರೆ ಮಧ್ಯಾಹ್ನಕ್ಕೆ ಸಾಕು. ಒಂದೇ ಸಲಕ್ಕೆ ತುಂಬಿಸುವ ಬದಲು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿಸಬೇಕು. ನಡುವೆ ಬಾಳೆಹಣ್ಣು, ಇಡ್ಲಿ, ಮೊಸರನ್ನ ಕೊಡಬಹುದು. ಖಾರದ ಸಾರು, ಕರಿದ ತಿಂಡಿ ಎರಡು ದಿನ ಬೇಡ. ಬೆಳಿಗ್ಗೆ ಮಾಡಿದ ಅನ್ನ ಹೊರಗೇ ಉಳಿದಿದ್ದರೆ ಸಂಜೆಗೆ ಕೊಡಬಾರದು. ಅದರಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ.

ವೈದ್ಯರು ಜಿಂಕ್ ಬರೆದುಕೊಟ್ಟಿದ್ದರೆ ಅದರ ಹೊತ್ತು, ಅಳತೆ ಎರಡೂ ಚೀಟಿಯಲ್ಲಿರಬೇಕು. ಭೇದಿ ನಿಲ್ಲಿಸಲೆಂದು ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬಾರದೆಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು, ಏಕೆಂದರೆ ಕಾಳಜಿ ಇರುವವರೇ ಹಾಗೆ ಮಾಡಿಬಿಡುತ್ತಾರೆ. ಮಲ ಬಳಿದ ಮೇಲೆ, ತಿನ್ನಿಸುವ ಮುಂಚೆ ಇಬ್ಬರೂ ಸೋಪಿನಲ್ಲಿ ಕೈ ತೊಳೆಯಬೇಕು.

ಚೀಟಿಯ ಕೊನೆಗೆ ತಾಯಿಯ ಮತ್ತು ವೈದ್ಯರ ಫೋನ್ ನಂಬರ್ ಬೇಕು. ಆರು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಕುಡಿದದ್ದೆಲ್ಲ ವಾಂತಿಯಾದರೆ ಸಂಜೆಯವರೆಗೆ ಕಾಯಬಾರದು. ಎಬ್ಬಿಸಿದರೂ ಮಗು ಮಂಕಾಗಿ ಜೋತುಬಿದ್ದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿಗೆ ಫೋನ್ ದಾರಿಯಲ್ಲೇ ಮಾಡಬಹುದು.