ಎಂಬತ್ತು ನಮ್ಮದು, ಲೆಕ್ಕ ನೂರರದು

ಬಜಾಜ್ ಫಿನ್‌ಸರ್ವ್ ಕಂಪನಿಯ ವಾರ್ಷಿಕ ವರದಿಯಲ್ಲಿ ಕ್ರೋಡೀಕೃತ ಲಾಭ-ನಷ್ಟದ ಪುಟ ತೆಗೆದರೆ, ವರ್ಷದ ಲಾಭದ ಕೆಳಗೆ ಅದನ್ನೇ ಎರಡು ಪಾಲು ಮಾಡಿ ತೋರಿಸಿರುತ್ತಾರೆ. ಒಂದು ಕಂಪನಿಯ ಷೇರುದಾರರದ್ದು. ಇನ್ನೊಂದು 'ನಾನ್-ಕಂಟ್ರೋಲಿಂಗ್ ಇಂಟರೆಸ್ಟ್' ಎಂಬ ಹೆಸರಿನದು. ಈ ಎರಡನೆಯದು ಚಿಲ್ಲರೆ ಮೊತ್ತವಲ್ಲ. ಗುಂಪಿನ ಲಾಭದಲ್ಲಿ ದೊಡ್ಡ ಭಾಗ ತರುವ ಬಜಾಜ್ ಫೈನಾನ್ಸ್‌ನಲ್ಲಿ ಫಿನ್‌ಸರ್ವ್‌ಗೆ ಇರುವುದು ಅರ್ಧಕ್ಕಿಂತ ತುಸು ಹೆಚ್ಚು ಪಾಲಷ್ಟೇ. ಉಳಿದದ್ದು ಹೊರಗಿನವರದು.

ಅರ್ಧವೇ ತನ್ನದಾದರೆ ಲೆಕ್ಕಕ್ಕೂ ಅರ್ಧವನ್ನೇ ತೆಗೆದುಕೊಳ್ಳಬಹುದಿತ್ತಲ್ಲ? ಇಲ್ಲ. ಲೆಕ್ಕಶಾಸ್ತ್ರ ಇಲ್ಲಿ ನೋಡುವುದು ಹಿಡಿತವನ್ನು. ನೂರರಲ್ಲಿ ಎಂಬತ್ತು ಷೇರು ಇರುವವನು ಕಾರ್ಖಾನೆಯ ಎಂಬತ್ತು ಭಾಗವನ್ನು ಮಾತ್ರ ನಡೆಸುವುದಿಲ್ಲ, ಇಡೀ ಕಾರ್ಖಾನೆ ಅವನ ಮಾತಿನಂತೆ ನಡೆಯುತ್ತದೆ. ಹಾಗಾಗಿ ಆಸ್ತಿ, ಸಾಲ, ವ್ಯಾಪಾರ ಎಲ್ಲವನ್ನೂ ಪೂರ್ತಿ ಸೇರಿಸಿ, ಕೊನೆಗೆ ಹೊರಗಿನವರ ಪಾಲನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ. ಹಿಂದೆ ಇದನ್ನು ಮೈನಾರಿಟಿ ಇಂಟರೆಸ್ಟ್ ಎನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಅನ್ನುತ್ತಾರೆ. ಅರ್ಧಕ್ಕಿಂತ ಕಡಿಮೆ ಷೇರು ಇಟ್ಟುಕೊಂಡೇ ಹಿಡಿತ ಸಾಧಿಸಿದವರೂ ಇರುವುದರಿಂದ ಹೊಸ ಹೆಸರೇ ಹೆಚ್ಚು ಸರಿ.

ಒಂದು ಲೆಕ್ಕ ಹಾಕಿ ನೋಡೋಣ. ಕಾಫಿಪುಡಿ ಮಾರುವ ಕಂಪನಿಯೊಂದು, ಬೀಜ ಹುರಿದು ಕೊಡುವ ಇನ್ನೊಂದು ಕಂಪನಿಯ 80% ಷೇರನ್ನು 90 ಲಕ್ಷಕ್ಕೆ ಕೊಂಡಿತು ಎನ್ನಿ. ಹುರಿಯುವ ಕಂಪನಿಯ ಸಾಲ ಕಳೆದ ನಿವ್ವಳ ಆಸ್ತಿ ಆ ದಿನ ಒಂದು ಕೋಟಿ. ಅದರಲ್ಲಿ ಕೊಂಡವರ ಪಾಲು 80 ಲಕ್ಷ, ಹೆಚ್ಚಿಗೆ ಕೊಟ್ಟ 10 ಲಕ್ಷ ಗುಡ್‌ವಿಲ್. ಹೊರಗಿನವರ ಪಾಲು 20 ಲಕ್ಷ. (ಈ ಪಾಲನ್ನು ಅಂದಿನ ಮಾರುಕಟ್ಟೆ ಬೆಲೆಯಲ್ಲಿ ಅಳೆಯಲೂ ನಿಯಮದಲ್ಲಿ ಅವಕಾಶವಿದೆ. ಆಗ ಗುಡ್‌ವಿಲ್ ಬದಲಾಗುತ್ತದೆ.)

ವರ್ಷ ಕಳೆಯಿತು. ಹುರಿಯುವ ಕಂಪನಿಗೆ 15 ಲಕ್ಷ ಲಾಭ ಬಂತು, 5 ಲಕ್ಷ ಡಿವಿಡೆಂಡ್ ಹಂಚಿತು. ಹೊರಗಿನವರಿಗೆ 15ರಲ್ಲಿ ಐದನೇ ಒಂದು ಪಾಲು, ಅಂದರೆ 3 ಲಕ್ಷ ಎಂದು ಬರೆದುಬಿಡುವ ಆಸೆಯಾಗುತ್ತದೆ. ಎಡವುವುದು ಇಲ್ಲೇ. ಹುರಿದ ಬೀಜವನ್ನು ಕೊಂಡಿದ್ದು ಮಾಲೀಕ ಕಂಪನಿಯೇ, ಮಾರ್ಚ್ 31ಕ್ಕೆ ಅದರ ಗೋದಾಮಿನಲ್ಲಿ ಮಾರದೆ ಉಳಿದ ಮೂಟೆಗಳಿವೆ. ಆ ಮೂಟೆಗಳ ಬೆಲೆಯೊಳಗೆ ಹುರಿಯುವ ಕಂಪನಿ ಸೇರಿಸಿಕೊಂಡ 2 ಲಕ್ಷ ಲಾಭ ಕೂತಿದೆ. ಗುಂಪನ್ನು ಒಂದೇ ಮನೆ ಎಂದು ನೋಡಿದರೆ ಅಡುಗೆಮನೆಯಿಂದ ಪಡಸಾಲೆಗೆ ಮೂಟೆ ಸಾಗಿಸಿದ್ದಷ್ಟೇ ಆಗಿದೆ, ಹೊರಗಿನ ಗಿರಾಕಿಯಿಂದ ಒಂದು ರೂಪಾಯಿಯೂ ಬಂದಿಲ್ಲ. ಆದ್ದರಿಂದ ಆ 2 ಲಕ್ಷವನ್ನು ದಾಸ್ತಾನಿನಿಂದಲೂ ಲಾಭದಿಂದಲೂ ತೆಗೆಯಬೇಕು. ಮಾರಿದ್ದು ಅಂಗಸಂಸ್ಥೆಯಾದ್ದರಿಂದ ಈ ಕಡಿತದಲ್ಲಿ ಹೊರಗಿನವರಿಗೂ ಪಾಲುಂಟು. ಉಳಿದ 13 ಲಕ್ಷದಲ್ಲಿ ಅವರಿಗೆ ಬರುವುದು 2.6 ಲಕ್ಷ. ಮಾಲೀಕ ಕಂಪನಿಯೇ ಅಂಗಸಂಸ್ಥೆಗೆ ಮಾರಿದ್ದರೆ ಆ ಹೊರೆ ಇವರ ತಲೆಗೆ ಬರುತ್ತಿರಲಿಲ್ಲ.

ಡಿವಿಡೆಂಡ್‌ನಲ್ಲಿ ಮಾಲೀಕರಿಗೆ ಬಂದ 4 ಲಕ್ಷ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ದುಡ್ಡು, ಕ್ರೋಡೀಕರಣದಲ್ಲಿ ಅಳಿಸಿಹೋಗುತ್ತದೆ. ಹೊರಗಿನವರಿಗೆ ಹೋದ 1 ಲಕ್ಷ ಮಾತ್ರ ನಿಜವಾಗಿ ಮನೆ ಬಿಟ್ಟಿದೆ. ಹೀಗಾಗಿ ವರ್ಷಾಂತ್ಯಕ್ಕೆ ಅವರ ಪಾಲು 20ಕ್ಕೆ 2.6 ಕೂಡಿ 1 ಕಳೆದರೆ 21.6 ಲಕ್ಷ.

ಇದು ಸರಿಯೇ ಎಂದು ತಿಳಿಯಲು ಇನ್ನೊಂದು ದಾರಿಯಿಂದ ಬನ್ನಿ. ಹುರಿಯುವ ಕಂಪನಿಯ ನಿವ್ವಳ ಆಸ್ತಿ ಈಗ 110 ಲಕ್ಷ. ಮೂಟೆಯೊಳಗಿನ 2 ಲಕ್ಷ ಕಳೆದರೆ 108. ಅದರ ಐದನೇ ಒಂದು 21.6. ಎರಡು ದಾರಿಯ ಉತ್ತರ ಕೂಡದಿದ್ದರೆ ಡಿವಿಡೆಂಡನ್ನೋ ದಾಸ್ತಾನಿನ ಲಾಭವನ್ನೋ ಎಲ್ಲೋ ಮರೆತಿದ್ದೀರಿ ಎಂದರ್ಥ.

ಈ 21.6 ಲಕ್ಷ ಸಾಲವಲ್ಲ, ಯಾರೂ ತೀರಿಸಬೇಕಾಗಿಲ್ಲ. ನಮ್ಮ ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 110 ಇದನ್ನು ಈಕ್ವಿಟಿಯೊಳಗೇ, ಆದರೆ ಮಾಲೀಕರ ಈಕ್ವಿಟಿಯಿಂದ ಬೇರೆಯಾಗಿ ತೋರಿಸು ಎನ್ನುತ್ತದೆ. ಹಳೆಯ ಎಎಸ್ 21 ಇದನ್ನು ಸಾಲದ ಜೊತೆಗೂ ಸೇರಿಸದೆ ಈಕ್ವಿಟಿಗೂ ಸೇರಿಸದೆ ನಡುವೆ ನಿಲ್ಲಿಸಿತ್ತು.

ಷೇರು ಕೊಳ್ಳುವವರು ಮೋಸಹೋಗುವುದು ಬೇರೆ ಕಡೆ. ಮಾಲೀಕ ಕಂಪನಿಯ ಮಾರುಕಟ್ಟೆ ಮೌಲ್ಯವನ್ನು ಗುಂಪಿನ ಒಟ್ಟು ಲಾಭದಿಂದ ಭಾಗಿಸಿ, ಷೇರು ಅಗ್ಗವಾಗಿದೆ ಎಂದು ಹಿಗ್ಗುತ್ತಾರೆ. ಆ ಲಾಭದಲ್ಲಿ ಪರರದ್ದೂ ಸೇರಿದೆ. ಪ್ರತಿ ಷೇರಿನ ಗಳಿಕೆ ಲೆಕ್ಕ ಹಾಕುವುದು ಮಾಲೀಕರ ಪಾಲಿನ ಲಾಭದ ಮೇಲೆ ಮಾತ್ರ, ನೀವೂ ಅದನ್ನೇ ಹಿಡಿಯಬೇಕು. ಬ್ಯಾಲೆನ್ಸ್ ಶೀಟಿನ ನಗದಿಗೂ ಇದೇ ಎಚ್ಚರ ಬೇಕು. ಹುರಿಯುವ ಕಂಪನಿಯ ಬ್ಯಾಂಕಿನಲ್ಲಿರುವ ಹಣ ಪೂರ್ತಿಯಾಗಿ ಗುಂಪಿನ ಲೆಕ್ಕದಲ್ಲಿ ಕಾಣುತ್ತದೆ. ಆದರೆ ಅಲ್ಲಿಂದ ಡಿವಿಡೆಂಡ್ ರೂಪದಲ್ಲಿ 80 ರೂಪಾಯಿ ಮನೆಗೆ ತರಬೇಕಾದರೆ, ಇನ್ನೊಂದು 20 ರೂಪಾಯಿಯನ್ನು ಹೊರಗಿನವರ ಕೈಗಿಟ್ಟೇ ತರಬೇಕು.